ಶೇಂಗಾ ಎಲೆ ಹಳದಿಯಾದರೆ ಕಾಯಿ ಬಲಿತಿದೆಯೇ? ಎಲೆಚುಕ್ಕೆ, ತುಕ್ಕು ಮತ್ತು ಸಹಜ ಮುಪ್ಪನ್ನು ಬೇರ್ಪಡಿಸುವ ಒಂದು ಪಾಠ

ಎಂಟನೆಯ ತರಗತಿಯ ಸೂಕ್ಷ್ಮಜೀವಿಗಳ ಪಾಠದಲ್ಲಿ ಸಸ್ಯರೋಗಗಳಿಗೆ ಒಂದು ಸಣ್ಣ ಕೋಷ್ಟಕವಿದೆ. ನಿಂಬೆಯ ಕ್ಯಾಂಕರ್, ಗೋಧಿಯ ತುಕ್ಕು, ಬೆಂಡೆಯ ಹಳದಿ ನರ ರೋಗ ಎಂಬ ಮೂರು ಉದಾಹರಣೆಗಳು ಅದರಲ್ಲಿವೆ. ನನ್ನ ಬೋಧನಾಭ್ಯಾಸದ ಶಾಲೆ ಇದ್ದದ್ದು ಚಳ್ಳಕೆರೆ ತಾಲ್ಲೂಕಿನಲ್ಲಿ. ಅಲ್ಲಿನ ಮಕ್ಕಳು ಗೋಧಿಯ ಹೊಲ ಕಂಡವರಲ್ಲ, ಆದರೆ ಮುಂಗಾರಿನಲ್ಲಿ ಶಾಲೆಯ ಬೇಲಿಯಾಚೆ ಕಣ್ಣು ಹಾಯಿಸಿದಷ್ಟೂ ಶೇಂಗಾ. ಹಾಗಾಗಿ ಗೋಧಿಯ ತುಕ್ಕಿನ ಬದಲು ಶೇಂಗಾ ತುಕ್ಕನ್ನು, ಅದರ ಜೊತೆಗೇ ಬರುವ ಎಲೆಚುಕ್ಕೆಯನ್ನು (ರೈತರು ಟಿಕ್ಕಾ ರೋಗ ಎನ್ನುವುದೂ ಇದನ್ನೇ) ತೆಗೆದುಕೊಂಡು ಎರಡು ಅವಧಿಯ ಪಾಠಯೋಜನೆ ಮಾಡಿಕೊಂಡೆ.

ಪೂರ್ವಜ್ಞಾನ ಪರೀಕ್ಷಿಸಲು ಒಂದೇ ಪ್ರಶ್ನೆ ಕೇಳಿದೆ: "ಶೇಂಗಾ ಕೀಳೋಕೆ ಬಂದಿದೆ ಅಂತ ಮನೆಯಲ್ಲಿ ಹೇಗೆ ಗೊತ್ತು ಮಾಡ್ತಾರೆ?" ಹೆಚ್ಚಿನವರ ಉತ್ತರ ಒಂದೇ: "ಎಲೆ ಹಳದಿ ಆಗಿ ಉದುರಿದ್ರೆ ಬಲಿತದೆ ಮಿಸ್." ಈ ಮಾತಿನಲ್ಲಿ ಅರ್ಧ ನಿಜವಿದೆ. ಬಲಿತ ಗಿಡದ ಕೆಳಗಿನ ಎಲೆಗಳು ಹಳದಿಯಾಗಿ ಉದುರುವುದು ಸಹಜ. ಆದರೆ ಎಲೆಚುಕ್ಕೆ ಹತ್ತಿದ ಗಿಡವೂ ಎಲೆ ಉದುರಿಸುತ್ತದೆ, ಕಾಯಿ ಬಲಿಯುವ ಮೊದಲೇ. ಎರಡನ್ನೂ ಒಂದೇ ಎಂದುಕೊಂಡು ಕಿತ್ತರೆ ಕಾಳು ಸುಕ್ಕಾಗಿ ತೂಕ ಬರುವುದಿಲ್ಲ, ಎಣ್ಣೆಯ ಅಂಶವೂ ಕಡಿಮೆ. ಬಲಿಯಲಿ ಎಂದು ಬಹಳ ದಿನ ಬಿಟ್ಟರೆ ಕಾಯಿಯ ತೊಟ್ಟು ಸಡಿಲವಾಗಿ, ಕೀಳುವಾಗ ಕಾಯಿ ಮಣ್ಣಿನಲ್ಲೇ ಉಳಿಯುತ್ತದೆ. ಈ ಎರಡು ನಷ್ಟಗಳ ನಡುವೆ ಎಲೆಯನ್ನು ಓದಲು ಕಲಿಯುವುದೇ ಪಾಠದ ಉದ್ದೇಶವಾಯಿತು.

ಮೊದಲ ಅವಧಿ: ತರಗತಿಯಲ್ಲಿ ಎಲೆಯ ವೀಕ್ಷಣೆ

ಸಾಮಗ್ರಿ ಹೆಚ್ಚೇನೂ ಬೇಕಾಗಲಿಲ್ಲ. ಆ ಬೆಳಿಗ್ಗೆ ತಂದ ಎಲೆಗಳು, ಗುಂಪಿಗೊಂದು ಭೂತಗನ್ನಡಿ, ಬಿಳಿ ಹಾಳೆ, ಅಳತೆಪಟ್ಟಿ. ಎಲೆ ಆ ದಿನದ್ದೇ ಆಗಿರಬೇಕು. ಹಿಂದಿನ ದಿನ ಕಿತ್ತ ಎಲೆ ಮುದುಡಿ, ಹಳದಿ ಅಂಚು ಕಾಣದಂತಾಗುತ್ತದೆ.

ಶೇಂಗಾದ್ದು ಸಂಯುಕ್ತ ಎಲೆ, ಒಂದು ತೊಟ್ಟಿಗೆ ಎರಡು ಜೊತೆ, ಅಂದರೆ ನಾಲ್ಕು ಕಿರುಎಲೆಗಳು. ಇದನ್ನು ಮೊದಲೇ ಎಣಿಸಿ ಗುರುತು ಹಾಕಿಸಿದೆ. ಉದುರುವುದು ಸಾಮಾನ್ಯವಾಗಿ ಕಿರುಎಲೆಗಳು. ಬರಿದಾದ ತೊಟ್ಟು ಕೆಲವು ದಿನ ಕಾಂಡದಲ್ಲೇ ನಿಂತಿರುತ್ತದೆ. ಎರಡನೆಯ ಅವಧಿಯ ಲೆಕ್ಕಕ್ಕೆ ಇದು ಬೇಕಾಗುತ್ತದೆ.

ನಂತರ ಪ್ರತಿ ಗುಂಪು ಪ್ರತಿ ಎಲೆಗೂ ಮೂರು ಕೆಲಸ ಮಾಡಿತು: ಮೇಲ್ಭಾಗ ನೋಡುವುದು, ತಿರುಗಿಸಿ ಕೆಳಭಾಗ ನೋಡುವುದು, ಕೆಳಭಾಗವನ್ನು ಬಿಳಿ ಹಾಳೆಯ ಮೇಲೆ ಮೆಲ್ಲಗೆ ಉಜ್ಜುವುದು. ಅವರ ಅವಲೋಕನಗಳಿಂದ ಕಪ್ಪುಹಲಗೆಯ ಮೇಲೆ ಮೂಡಿದ ಕೋಷ್ಟಕ ಇದು.

| | ಮೇಲ್ಭಾಗ | ಕೆಳಭಾಗ | ಎಲೆಯ ಕೊನೆ |
|---|---|---|---|
| ಮುಂಚಿನ ಎಲೆಚುಕ್ಕೆ | ಕಂದು ಚುಕ್ಕೆ, ಸಾಮಾನ್ಯವಾಗಿ ಹಳದಿ ಅಂಚು | ತಿಳಿಕಂದು, ನಯ | ಉದುರುತ್ತದೆ |
| ತಡವಾದ ಎಲೆಚುಕ್ಕೆ | ಗುಂಡನೆಯ ಕಡುಗಪ್ಪು ಚುಕ್ಕೆ | ಕಪ್ಪು, ಒರಟು | ಉದುರುತ್ತದೆ |
| ತುಕ್ಕು | ಸಣ್ಣ ಹಳದಿ ಗುರುತು | ಕಿತ್ತಳೆ ಬೊಕ್ಕೆ, ಉಜ್ಜಿದರೆ ಪುಡಿ | ಒಣಗಿ ಗಿಡದಲ್ಲೇ ಉಳಿಯುತ್ತದೆ |
| ಸಹಜ ಮುಪ್ಪು | ಒಂದೇ ಸಮನೆ ಹಳದಿ, ಚುಕ್ಕೆ ಇಲ್ಲ | ಹಾಗೆಯೇ ಹಳದಿ | ಉದುರುತ್ತದೆ |

ಮುಂಚಿನ ಚುಕ್ಕೆಗೆ ಕಾರಣ ಸರ್ಕೋಸ್ಪೊರಾ ಅರಾಚಿಡಿಕೋಲಾ ಎಂಬ ಶಿಲೀಂಧ್ರ. ಬಿತ್ತಿದ ಸುಮಾರು ಒಂದು ತಿಂಗಳಿಗೇ ಇದು ಕಾಣಿಸಿಕೊಳ್ಳಬಹುದು. ತಡವಾದ ಚುಕ್ಕೆಯದು ಸರ್ಕೋಸ್ಪೊರಿಡಿಯಂ ಪರ್ಸೊನಾಟಂ. ಇದು ಹೆಚ್ಚಾಗಿ 50–60 ದಿನಗಳ ನಂತರ ಬರುತ್ತದೆ. ತುಕ್ಕು ತರುವುದು ಪಕ್ಸೀನಿಯಾ ಅರಾಚಿಡಿಸ್. ಈ ಹೆಸರುಗಳನ್ನು ಮಕ್ಕಳಿಗೆ ಬರೆಸಲಿಲ್ಲ. ಅವರಿಗೆ ಬೇಕಾದದ್ದು ಕಾರಣದ ತಿಳಿವಳಿಕೆ. ತಡವಾದ ಚುಕ್ಕೆಯ ಕೆಳಭಾಗ ಏಕೆ ಒರಟು? ಅಲ್ಲಿ ಶಿಲೀಂಧ್ರ ತನ್ನ ಬೀಜಾಣುಗಳನ್ನು ಹೊರಹಾಕುತ್ತದೆ. ಭೂತಗನ್ನಡಿಯಲ್ಲಿ ನೋಡಿದಾಗ ಅವು ಒಂದರ ಸುತ್ತ ಒಂದು ಬಳೆಯಂತೆ ಸಾಲುಗಟ್ಟಿದ್ದು ಕಂಡಿತು. ಮುಂಚಿನ ಚುಕ್ಕೆಯಲ್ಲಿ ಬೀಜಾಣುಗಳು ಹೆಚ್ಚಾಗಿ ಮೇಲ್ಭಾಗದಲ್ಲಿರುವುದರಿಂದ ಕೆಳಭಾಗ ನಯವಾಗಿರುತ್ತದೆ. ತುಕ್ಕಿನಲ್ಲಿ ಹಾಳೆಗೆ ಅಂಟಿದ ಕಿತ್ತಳೆ ಪುಡಿಯೇ ಬೀಜಾಣು. ಹಾಳೆಯನ್ನು ಊದಿ ತೋರಿಸಿದ ಮೇಲೆ "ಗಾಳಿಯ ಮೂಲಕ ಹರಡುತ್ತದೆ" ಎಂಬ ಪುಸ್ತಕದ ಮಾತನ್ನು ಮತ್ತೆ ವಿವರಿಸಬೇಕಾಗಲಿಲ್ಲ.

ಇಲ್ಲಿ ಸಹಪಾಠಿ ಪ್ರಶಿಕ್ಷಣಾರ್ಥಿಗಳು ಗಮನಿಸಬೇಕಾದ ಒಂದು ಅಂಶವಿದೆ. ಹಲವು ಪಟಗಳಲ್ಲಿ "ಹಳದಿ ಅಂಚು ಇದ್ದರೆ ಮುಂಚಿನ ಚುಕ್ಕೆ" ಎಂದಷ್ಟೇ ಇರುತ್ತದೆ. ಆದರೆ ಹಳದಿ ಅಂಚು ತಳಿಗೆ, ಹವೆಗೆ ತಕ್ಕಂತೆ ಬದಲಾಗುತ್ತದೆ. ತಡವಾದ ಚುಕ್ಕೆಯ ಸುತ್ತಲೂ ಕೆಲವೊಮ್ಮೆ ಇರುತ್ತದೆ. ಕೆಳಭಾಗದ ಬಣ್ಣ ಮತ್ತು ಒರಟುತನವೇ ಹೆಚ್ಚು ನಂಬಬಹುದಾದ ಲಕ್ಷಣ. ಆದ್ದರಿಂದ "ತಿರುಗಿಸಿ ನೋಡು" ಎಂಬುದನ್ನೇ ಪಾಠದ ನಿಯಮವಾಗಿಟ್ಟೆ.

ಸಹಜ ಮುಪ್ಪಿನ ಎಲೆಗೆ ಬಂದಾಗ ಒಬ್ಬ ಹುಡುಗ "ರೋಗ ಇಲ್ಲದಿದ್ರೆ ಯಾಕೆ ಹಳದಿ ಆಗ್ತದೆ ಮಿಸ್?" ಎಂದು ಕೇಳಿದ. ಹಳೆಯ ಎಲೆಗೆ ಮೇಲಿನ ಎಲೆಗಳ ನೆರಳು ಬೀಳುತ್ತದೆ, ಅದರ ಗಳಿಕೆ ಕಡಿಮೆಯಾಗುತ್ತದೆ. ಗಿಡ ಅದರಲ್ಲಿರುವ ಸಾರಜನಕವನ್ನು ಹಿಂದಕ್ಕೆ ಎಳೆದುಕೊಂಡು ಕಾಳಿಗೂ ಹೊಸ ಎಲೆಗೂ ಕಳಿಸುತ್ತದೆ. ಪತ್ರಹರಿತ್ತು ಒಡೆದು ಹೋದಾಗ ಅದರಡಿ ಮೊದಲೇ ಇದ್ದ ಹಳದಿ ಬಣ್ಣ ಹೊರಗೆ ಕಾಣುತ್ತದೆ. ಇದು ಇಡೀ ಎಲೆಯಲ್ಲಿ ನಡೆಯುವ ಕೆಲಸ. ಆದ್ದರಿಂದ ನಾಲ್ಕೂ ಕಿರುಎಲೆಗಳು ಹೆಚ್ಚುಕಡಿಮೆ ಒಟ್ಟಿಗೆ ಹಳದಿಯಾಗುತ್ತವೆ. ರೋಗದಲ್ಲಿ ಹಾಗಲ್ಲ, ಬೀಜಾಣು ಬಿದ್ದಲ್ಲಿ ಚುಕ್ಕೆ, ಆದ್ದರಿಂದ ಒಂದು ಕಿರುಎಲೆಯಲ್ಲಿ ಹತ್ತು, ಪಕ್ಕದ್ದರಲ್ಲಿ ಎರಡು.

ಎರಡನೆಯ ಅವಧಿ: ಹೊಲದಲ್ಲಿ ಲೆಕ್ಕ

ಶಾಲೆಯ ಪಕ್ಕದ ಹೊಲದ ಮಾಲೀಕರು ಐದು ಗಿಡ ಕೀಳಲು ಒಪ್ಪಿದರು. ಅದು ಟಿಎಂವಿ-2 ತಳಿ, ಜೂನ್ 20ರಂದು ಬಿತ್ತಿದ್ದು. ನಾವು ಹೋದದ್ದು ಸೆಪ್ಟೆಂಬರ್ 18ರಂದು, ಅಂದರೆ 90ನೆಯ ದಿನ. "ಎಲೆ ಆಗ್ಲೇ ಉದುರ್ತಾ ಅವೆ ಕಣಮ್ಮ, ಈ ವಾರ ಕಿತ್ತುಬಿಡಣ ಅಂತಿದೀವಿ" ಎಂದರು. ಈ ತಳಿ ಸಾಮಾನ್ಯವಾಗಿ 100–105 ದಿನ ತೆಗೆದುಕೊಳ್ಳುತ್ತದೆ.

ದೂರದಿಂದ ನೋಡಿದರೆ ಕೆಳಗಿನ ಎಲೆಗಳು ಹೋಗಿದ್ದವು, ಮೇಲೆ ಹಸಿರಿತ್ತು. ಇಲ್ಲಿ ಪಾಠದ ಕಠಿಣ ಬಿಂದು ಬಂತು. ಮುಪ್ಪು ಕೆಳಗಿನಿಂದ ಶುರುವಾಗುತ್ತದೆ, ಎಲೆಚುಕ್ಕೆಯೂ ಕೆಳಗಿನಿಂದಲೇ ಶುರುವಾಗುತ್ತದೆ. ಚುಕ್ಕೆಯ ಶಿಲೀಂಧ್ರ ಹಿಂದಿನ ಬೆಳೆಯ ಕಸಕಡ್ಡಿಯಲ್ಲಿ ಉಳಿದಿದ್ದು, ಮಳೆಹನಿ ಸಿಡಿದಾಗ ಮೊದಲು ನೆಲದ ಹತ್ತಿರದ ಎಲೆಗೆ ತಾಗುತ್ತದೆ. ಹೀಗಾಗಿ "ಯಾವ ಎಲೆ ಉದುರಿದೆ" ಎಂಬುದರಿಂದ ಏನೂ ತೀರ್ಮಾನವಾಗದು. ಉದುರಿದ ಎಲೆಯನ್ನೇ ಹೆಕ್ಕಿ ನೋಡಬೇಕು.

ಒಂದು ಗಿಡದ ನಡುಕಾಂಡದಲ್ಲಿ ಮಕ್ಕಳು 16 ಎಲೆಗಳ ಜಾಗ ಎಣಿಸಿದರು. ಅಂದರೆ ಇರಬೇಕಾದ ಕಿರುಎಲೆಗಳು 64. ಕೆಳಗಿನ ನಾಲ್ಕು ಜಾಗ ಪೂರ್ತಿ ಬರಿದು, ಅದರ ಮೇಲಿನ ಎರಡರಲ್ಲಿ ಒಟ್ಟು ನಾಲ್ಕು ಕಿರುಎಲೆ ಇಲ್ಲ. ಉದುರಿದ್ದು 20, ಶೇಕಡ 31. ಐದು ಗಿಡಗಳ ಬುಡದಿಂದ ಇನ್ನೂ ಕೊಳೆಯದ 40 ಕಿರುಎಲೆಗಳನ್ನು ಹೆಕ್ಕಿದರು. ಅವುಗಳಲ್ಲಿ 31ರ ಮೇಲೆ ಚುಕ್ಕೆಗಳಿದ್ದವು, ಬಹುಪಾಲು ಕೆಳಭಾಗ ಕಪ್ಪಾಗಿ ಒರಟಾಗಿದ್ದ ತಡವಾದ ಚುಕ್ಕೆಗಳು. ಚುಕ್ಕೆಯಿಲ್ಲದ ಹಳದಿ ಎಲೆ 9 ಮಾತ್ರ. ಮೇಲಿನ ಕೆಲವು ಎಲೆಗಳು ಉದುರದೆ ಒಣಗಿ ನೇತಾಡುತ್ತಿದ್ದವು. ಅವನ್ನು ಉಜ್ಜಿದಾಗ ಹಾಳೆ ಕಿತ್ತಳೆಯಾಯಿತು. ತಡವಾದ ಚುಕ್ಕೆಯೂ ತುಕ್ಕೂ ಒಂದೇ ಹೊಲದಲ್ಲಿ ಜೊತೆಯಾಗಿರುವುದು ಸಾಮಾನ್ಯ.

ಚುಕ್ಕೆಯಿದ್ದ ಎಲೆ ರೋಗದಿಂದಷ್ಟೇ ಉದುರಿತು ಎಂದು ಖಚಿತವಾಗಿ ಹೇಳಲಾಗದು, ಏಕೆಂದರೆ ಮುಪ್ಪಾಗುತ್ತಿದ್ದ ಎಲೆಗೂ ಚುಕ್ಕೆ ಬೀಳಬಹುದು. ಆದರೆ ನಾಲ್ಕರಲ್ಲಿ ಮೂರಕ್ಕೂ ಹೆಚ್ಚು ಎಲೆಗಳು ಚುಕ್ಕೆಯೊಂದಿಗೆ ಬಿದ್ದಿರುವಾಗ, ಎಲೆ ಉದುರುವುದನ್ನು ಬಲಿತ ಗುರುತೆಂದು ನಂಬುವಂತಿಲ್ಲ. ಕಾಯಿಯನ್ನೇ ಕೇಳಬೇಕು.

ಐದೂ ಗಿಡಗಳನ್ನು ಕಿತ್ತು, ಬುಡದ ಮಣ್ಣನ್ನು ಕುರ್ಚಿಗೆಯಿಂದ ಕೆದಕಿ ಉಳಿದ ಕಾಯಿಗಳನ್ನೂ ಸೇರಿಸಿದೆವು. ಇದನ್ನು ಬಿಡುವಂತಿಲ್ಲ. ಎಲ್ಲಕ್ಕಿಂತ ಮೊದಲು ಮೂಡಿ, ಮೊದಲು ಬಲಿತ ಕಾಯಿಯ ತೊಟ್ಟೇ ಮೊದಲು ಸಡಿಲವಾಗುವುದರಿಂದ, ಮಣ್ಣಿನಲ್ಲಿ ಉಳಿದವನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ. ನಂತರ ಪ್ರತಿ ಕಾಯಿ ಸುಲಿದು ಸಿಪ್ಪೆಯ ಒಳಮೈ ನೋಡಿದೆವು. ಎಳೆಯ ಕಾಯಿಯಲ್ಲಿ ಅದು ಬಿಳಿ, ಬಲಿತದ್ದರಲ್ಲಿ ಕಂದು ಅಥವಾ ಕಪ್ಪು. ಗೊಂಚಲು ಜಾತಿಯ ಶೇಂಗಾದಲ್ಲಿ ಸುಮಾರು ಶೇಕಡ 70–75 ಕಾಯಿಗಳ ಒಳಮೈ ಕಪ್ಪಾದಾಗ ಕೀಳುವುದು ಸೂಕ್ತ.

ಸಿಕ್ಕ ಕಾಯಿ 78. ಒಳಮೈ ಕಪ್ಪಾಗಿದ್ದು 41, ಶೇಕಡ 53. ಮಣ್ಣಿನಲ್ಲಿ ಉಳಿದಿದ್ದು 6, ಶೇಕಡ 8. ಬಲಿಯದ ಕಾಯಿ ಹತ್ತಿರಹತ್ತಿರ ಅರ್ಧದಷ್ಟು, ಮಣ್ಣುಪಾಲಾಗುತ್ತಿರುವುದು ಸ್ವಲ್ಪ. ಮಕ್ಕಳು ಹಾಳೆಯ ಮೇಲೆ ಕಾಯಿಗಳನ್ನು ಎರಡು ಸಾಲಾಗಿ ಜೋಡಿಸಿ ತೋರಿಸಿದರು. ಹೊಲದವರು ಬಿಳಿ ಸಾಲಿನ ಎರಡು ಕಾಯಿ ಒಡೆದು ನೋಡಿ, "ಇನ್ನೊಂದತ್ತು ದಿನ ಬಿಡಣ ಬಿಡು" ಎಂದರು.

ಸೆಪ್ಟೆಂಬರ್ 30ರಂದು, 102ನೆಯ ದಿನ, ಅದೇ ಹೊಲದಲ್ಲಿ ಮತ್ತೆ ಐದು ಗಿಡ. ಕಾಯಿ 81, ಕಪ್ಪಾದದ್ದು 60, ಶೇಕಡ 74. ಆದರೆ ಮಣ್ಣಿನಲ್ಲಿ ಉಳಿದವು 11, ಶೇಕಡ 14. ಬಲಿತದ್ದು ಹೆಚ್ಚಿತು, ಕಳೆದದ್ದೂ ಹೆಚ್ಚಿತು. ಇನ್ನು ಕಾಯಬಾರದು ಎಂದು ಮಕ್ಕಳೇ ಹೇಳಿದರು. ಮರುದಿನ ಅಲ್ಲಿ ಕೀಳುವ ಕೆಲಸ ಶುರುವಾಯಿತು.

ಪಾಠದ ಮಿತಿ ಮತ್ತು ಮೌಲ್ಯಮಾಪನ

ಐದು ಗಿಡ ಒಂದು ಹೊಲಕ್ಕೆ ಸಣ್ಣ ಮಾದರಿ. ಬದುವಿನ ಅಂಚು ಬಿಟ್ಟು, ಬೇರೆಬೇರೆ ಸಾಲಿನಿಂದ ಆರಿಸಿದರೆ ಮಾತ್ರ ಅದಕ್ಕೆ ಅರ್ಥ. ಔಷಧದ ಹೆಸರು, ಪ್ರಮಾಣಗಳನ್ನು ನಾನು ಪಾಠದಲ್ಲಿ ತರಲಿಲ್ಲ. ಅದಕ್ಕೆ ಹೋಬಳಿಯ ರೈತ ಸಂಪರ್ಕ ಕೇಂದ್ರವಿದೆ. 90ನೆಯ ದಿನದಲ್ಲಿ ರೋಗ ಗುರುತಿಸಿದರೆ ಕೀಳುವ ದಿನ ನಿರ್ಧರಿಸಲು ಉಪಯೋಗ, ಎಲೆ ಉಳಿಸಲು ಅಲ್ಲ. ಎಲೆ ಉಳಿಸಬೇಕಾದರೆ ಮೊದಲ ಚುಕ್ಕೆ ಕಾಣುವ 30–60ನೆಯ ದಿನದಲ್ಲೇ ಎಲೆ ತಿರುಗಿಸಿ ನೋಡಬೇಕು. ಹಾಗಾಗಿ ಈ ಪಾಠವನ್ನು ಸಾಧ್ಯವಿದ್ದಲ್ಲಿ ಜುಲೈ ಕೊನೆಗೆ ಒಮ್ಮೆ, ಸೆಪ್ಟೆಂಬರ್‌ನಲ್ಲಿ ಒಮ್ಮೆ ಮಾಡುವುದು ಒಳ್ಳೆಯದು.

ಮೌಲ್ಯಮಾಪನಕ್ಕೆ ನಾಲ್ಕು ಎಲೆಗಳನ್ನು ಹೆಸರಿಲ್ಲದೆ ಮೇಜಿನ ಮೇಲಿಟ್ಟೆ. ಗುರುತಿಸುವುದರ ಜೊತೆಗೆ "ಯಾವ ಗುರುತಿನಿಂದ ಹೇಳಿದೆ?" ಎಂದು ಬರೆಯಬೇಕಿತ್ತು. ಅಂಕ ಕೊಟ್ಟದ್ದು ಆ ಎರಡನೆಯ ಉತ್ತರಕ್ಕೆ. 34 ಮಕ್ಕಳಲ್ಲಿ 27 ಮಂದಿ ಎಲೆಯ ಕೆಳಭಾಗದ ಲಕ್ಷಣವನ್ನು ಬರೆದಿದ್ದರು. ಉಳಿದ ಏಳು ಮಂದಿ ಹಳದಿ ಅಂಚನ್ನೇ ಆಧಾರ ಮಾಡಿಕೊಂಡಿದ್ದರು; ಅವರಿಗೆ ಅಂಚಿರುವ ಒಂದು ತಡವಾದ ಚುಕ್ಕೆಯ ಎಲೆ ಕೊಟ್ಟು, ಮತ್ತೆ ತಿರುಗಿಸಿ ನೋಡಲು ಹೇಳಿದೆ.