ಗರ್ಭಿಣಿಯರಲ್ಲಿ ಸಿಫಿಲಿಸ್: ಮೂರು ಚುಚ್ಚುಮದ್ದುಗಳ ಲೆಕ್ಕ

ಹಿರಿಯರು ಪರಂಗಿ ರೋಗವೆಂದು ಕರೆಯುತ್ತಿದ್ದ ಸಿಫಿಲಿಸ್ ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು. ಇದು ಯಾವುದೇ ಲಕ್ಷಣವನ್ನು ತೋರದೆ ವರ್ಷಗಟ್ಟಲೆ ದೇಹದಲ್ಲಿ ಉಳಿಯಬಲ್ಲದು. ಆರೋಗ್ಯವಂತಳಂತೆ ಕಾಣುವ ಗರ್ಭಿಣಿಯಿಂದಲೂ ರೋಗಾಣುವು ಮಾಸುವಿನ ಮೂಲಕ ಶಿಶುವನ್ನು ತಲುಪುತ್ತದೆ. ಶಿಶುವು ಗರ್ಭದಲ್ಲಿಯೇ ಮೃತಪಡಬಹುದು, ಇಲ್ಲವೆ ಮೂಳೆ, ಯಕೃತ್ತು, ಮೆದುಳಿಗೆ ಹಾನಿಯಾಗಿ ಜನಿಸಬಹುದು. ಲಕ್ಷಣಕ್ಕಾಗಿ ಕಾಯುವಂತಿಲ್ಲವಾದ ಕಾರಣ ಪ್ರತಿಯೊಬ್ಬ ಗರ್ಭಿಣಿಯ ರಕ್ತವನ್ನೂ ಮೊದಲ ತಪಾಸಣೆಯಲ್ಲಿಯೇ ಪರೀಕ್ಷಿಸಬೇಕು.

ಉದಾಹರಣೆಗೆ, ಯಲಹಂಕ ತಾಲ್ಲೂಕಿನ ಕಟ್ಟಡ ಕಾಮಗಾರಿಯೊಂದರ ಶೆಡ್ಡಿನಲ್ಲಿ ವಾಸಿಸುವ, ರಾಯಚೂರು ಕಡೆಯಿಂದ ಬಂದ ಕಾರ್ಮಿಕ ಮಹಿಳೆಯೊಬ್ಬಳು ನಾಲ್ಕನೆಯ ತಿಂಗಳಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಳೆಂದು ಭಾವಿಸೋಣ. ಬೆರಳ ತುದಿಯ ರಕ್ತದ ಹನಿಯಿಂದ ಸುಮಾರು 20 ನಿಮಿಷಗಳಲ್ಲಿ ಸೋಂಕಿನ ಗುರುತು ಕಂಡಿತು. ಈ ಪಟ್ಟಿ ಪರೀಕ್ಷೆಗೆ ಒಂದು ಮಿತಿಯುಂಟು: ಹಿಂದೆ ಗುಣಮುಖರಾದವರಲ್ಲಿಯೂ ಅದು ಗೆರೆ ತೋರುತ್ತದೆ. ಆದ್ದರಿಂದ ಆರ್.ಪಿ.ಆರ್. ಪರೀಕ್ಷೆಗೂ ರಕ್ತ ಕಳುಹಿಸಲಾಯಿತು, ಫಲಿತಾಂಶ 1:16. ಆದರೆ ಚಿಕಿತ್ಸೆಯು ಈ ವರದಿಗಾಗಿ ಕಾಯಲಿಲ್ಲ. ಆಕೆ ಅದೇ ದಿನ ಮೊದಲ ಚುಚ್ಚುಮದ್ದು ಪಡೆದಳು.

ಔಷಧ ಬೆಂಜಥೀನ್ ಪೆನಿಸಿಲಿನ್, ಪ್ರಮಾಣ 24 ಲಕ್ಷ ಯೂನಿಟ್. ಸೋಂಕು ಯಾವಾಗ ತಗುಲಿತೆಂಬುದು ತಿಳಿಯದಿದ್ದಾಗ ವಾರಕ್ಕೊಂದರಂತೆ ಮೂರು ಬಾರಿ ನೀಡಬೇಕು. ನೋವಿರುತ್ತದೆ, ಅಪರೂಪಕ್ಕೆ ತೀವ್ರ ಅಲರ್ಜಿಯೂ ಉಂಟಾಗುವುದರಿಂದ ಅದನ್ನು ನಿಭಾಯಿಸುವ ಔಷಧವಿರುವ ಕೇಂದ್ರದಲ್ಲಿಯೇ ಕೊಡತಕ್ಕದ್ದು. ಇದರ ಬದಲಿಗೆ ಎರಿಥ್ರೊಮೈಸಿನ್‌ನಂತಹ ಮಾತ್ರೆ ಸಾಲದು. ಅದು ಮಾಸುವನ್ನು ದಾಟಿ ಶಿಶುವಿಗೆ ಸಾಕಷ್ಟು ತಲುಪುವುದಿಲ್ಲ.

ತೊಡಕು ಬರುವುದು ಮೂರನೆಯ ವಾರದಲ್ಲಿ. ಕಾಮಗಾರಿ ಮುಗಿದು ಕುಟುಂಬವು ಬೇರೆಡೆಗೆ ಹೊರಟರೆ, ಇಲ್ಲವೇ ದಿನದ ಕೂಲಿ ತಪ್ಪುವುದೆಂದು ಆಕೆ ಬರದಿದ್ದರೆ, ಗರ್ಭಿಣಿಯಲ್ಲಿ ವಿಳಂಬವಾದ ಸರಣಿಯನ್ನು ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಪತಿಗೂ ಪರೀಕ್ಷೆ, ಚಿಕಿತ್ಸೆ ಆಗದಿದ್ದರೆ ಸೋಂಕು ಮರಳುತ್ತದೆ. ಮೂರೂ ದಿನಾಂಕಗಳು ತಾಯಿ ಕಾರ್ಡಿನಲ್ಲಿ ದಾಖಲಾಗಿದ್ದರೆ ಮಾತ್ರ ತವರಿನ ಹೆರಿಗೆ ಆಸ್ಪತ್ರೆಗೆ ವಿಷಯ ತಿಳಿಯುತ್ತದೆ.

ಹೆರಿಗೆಗೆ ಕನಿಷ್ಠ 30 ದಿನ ಮುಂಚೆ ಚಿಕಿತ್ಸೆ ಆರಂಭವಾಗಿ ಪೂರ್ಣಗೊಂಡಿದ್ದರೆ ಶಿಶುವಿಗೆ ರಕ್ಷಣೆ ದೊರೆತಿದೆಯೆಂದು ಪರಿಗಣಿಸುತ್ತಾರೆ. ಆದರೂ ಶಿಶುವನ್ನು ಪರೀಕ್ಷಿಸಲೇಬೇಕು. ತಾಯಿಯ ಪ್ರತಿಕಾಯಗಳು ಶಿಶುವಿನ ರಕ್ತದಲ್ಲಿಯೂ ಇರುವುದರಿಂದ ಆರ್.ಪಿ.ಆರ್. ಕಂಡುಬಂದ ಮಾತ್ರಕ್ಕೆ ಸೋಂಕೆನ್ನಲಾಗದು. ತಾಯಿಯದು 1:4 ಇದ್ದು ಶಿಶುವಿನದು 1:16 ಅಥವಾ ಹೆಚ್ಚಿದ್ದರೆ ಸೋಂಕು ತಗುಲಿದೆಯೆಂದರ್ಥ. ಅಂತಹ ಶಿಶುವಿಗೂ, ಚಿಕಿತ್ಸೆ ಅಪೂರ್ಣವಾದ ತಾಯಿಯ ಶಿಶುವಿಗೂ ಆಸ್ಪತ್ರೆಯಲ್ಲಿ ಕನಿಷ್ಠ 10 ದಿನ ಪೆನಿಸಿಲಿನ್ ನೀಡಲಾಗುತ್ತದೆ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣ ಸಮಿತಿಯಲ್ಲಿರುವ ಸದಸ್ಯರು ಆಶಾ ಕಾರ್ಯಕರ್ತೆಯರಿಂದ ಯಾವುದೇ ಗರ್ಭಿಣಿಯ ಹೆಸರನ್ನು ಕೇಳತಕ್ಕದ್ದಲ್ಲ. ಹೆಸರು ಹೊರಬಿದ್ದ ಶೆಡ್ಡಿನಿಂದ ಮುಂದೆ ಯಾರೂ ಪರೀಕ್ಷೆಗೆ ಬರುವುದಿಲ್ಲ. ಕೇಳಬೇಕಾದುದು ಇಷ್ಟು: ಹೊಸ ಶೆಡ್ಡುಗಳ ಗರ್ಭಿಣಿಯರೆಲ್ಲರೂ ನೋಂದಣಿಯಾಗಿರುವರೇ, ಕೇಂದ್ರದಲ್ಲಿ ಪರೀಕ್ಷಾ ಕಿಟ್ ಮತ್ತು ಬೆಂಜಥೀನ್ ಪೆನಿಸಿಲಿನ್ ದಾಸ್ತಾನು ಇದೆಯೇ, ತಪಾಸಣೆಯ ದಿನ ಗುತ್ತಿಗೆದಾರರು ರಜೆ ನೀಡುತ್ತಿರುವರೇ.