ಮಾರಿದಷ್ಟು ಸಲ ಒಂದು ಪರ್ಸೆಂಟ್

ಪ್ರಶ್ನೆ: ನಾನು ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದೇನೆ. ಬೆಳಗ್ಗೆ ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಬಂಗಾರಪೇಟೆ ದಾಟುವಷ್ಟರಲ್ಲಿ ಮೊಬೈಲ್‌ನಲ್ಲಿ ಒಂದು ವ್ಯವಹಾರ ಮುಗಿಸಿರುತ್ತೇನೆ. 2025ರ ಏಪ್ರಿಲ್‌ನಲ್ಲಿ ಕ್ರಿಪ್ಟೊ ಖಾತೆಗೆ 1 ಲಕ್ಷ ರೂಪಾಯಿ ಹಾಕಿದೆ. ಡಿಸೆಂಬರ್ ಕೊನೆಯವರೆಗೆ 40 ಸಲ ಕೊಂಡು ಮಾರಿದ್ದೇನೆ. ಗೆದ್ದ ವ್ಯವಹಾರಗಳಿಂದ 46,000 ಬಂದಿದೆ, ಸೋತವುಗಳಲ್ಲಿ 38,000 ಹೋಗಿದೆ. ಅಂದರೆ 8,000 ಲಾಭ. ಆದರೆ ಖಾತೆಯಲ್ಲಿ ಉಳಿದಿರುವುದು ಸುಮಾರು 74,000 ಮಾತ್ರ. ನನ್ನ ದುಡ್ಡು ಎಲ್ಲಿ ಹೋಯಿತು ಸರ್? ಸಂಬಳದಲ್ಲೂ ಪ್ರತಿ ತಿಂಗಳು ತೆರಿಗೆ ಹಿಡಿಯುತ್ತಾರೆ.
— ಓದುಗರು, ಚಾಂಪಿಯನ್ ರೀಫ್ಸ್

ಉತ್ತರ: ನಿಮ್ಮ ದುಡ್ಡು ಕಳೆದುಹೋಗಿಲ್ಲ, ನಿಮ್ಮ ಪ್ಯಾನ್ ಹೆಸರಿನಲ್ಲಿ ಆದಾಯ ತೆರಿಗೆ ಇಲಾಖೆಯಲ್ಲಿದೆ. 2022ರ ಜುಲೈ 1ರಿಂದ ಜಾರಿಯಲ್ಲಿರುವ 194ಎಸ್ ಸೆಕ್ಷನ್ ಪ್ರಕಾರ ಕ್ರಿಪ್ಟೊ ಮಾರಿದಾಗಲೆಲ್ಲ ಶೇ 1ರಷ್ಟು ಟಿಡಿಎಸ್ ಹಿಡಿಯಬೇಕು. ಅದನ್ನು ಹಿಡಿಯುವುದು ಲಾಭದ ಮೇಲಲ್ಲ, ಮಾರಿದ ಇಡೀ ಮೊತ್ತದ ಮೇಲೆ. ಸೋತು ಮಾರಿದರೂ ಹಿಡಿಯುತ್ತಾರೆ. ನೀವು ಪ್ರತಿ ಸಲವೂ ಇದ್ದಬದ್ದ ಹಣವನ್ನೆಲ್ಲ ಹಾಕಿ ಮಾರಿದ್ದರಿಂದ 40 ಮಾರಾಟಗಳ ಒಟ್ಟು ಮೊತ್ತ 34 ಲಕ್ಷದ ಹತ್ತಿರ ಬಂದಿರಬೇಕು. ಅದರ ಶೇ 1 ಎಂದರೆ 34,000. ಒಂದು ಲಕ್ಷಕ್ಕೆ 8,000 ಸೇರಿಸಿ 34,000 ಕಳೆಯಿರಿ, 74,000 ಬರುತ್ತದೆ. (ಎಕ್ಸ್‌ಚೇಂಜ್ ಶುಲ್ಕವನ್ನು ಇಲ್ಲಿ ಬಿಟ್ಟಿದ್ದೇನೆ.) ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ 26ಎಎಸ್ ತೆಗೆದು ನೋಡಿ. ಎಕ್ಸ್‌ಚೇಂಜ್ ಕಟ್ಟಿದ್ದೆಲ್ಲ ಅಲ್ಲಿ ಕಾಣಬೇಕು. ತ್ರೈಮಾಸಿಕ ವಿವರ ಸಲ್ಲಿಕೆಯಾದ ಮೇಲೆ ಅದು ಅಲ್ಲಿಗೆ ಬರುವುದರಿಂದ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನದು ಇನ್ನೂ ಕಾಣದಿದ್ದರೆ ಗಾಬರಿಯಾಗಬೇಡಿ. ಅದಕ್ಕೂ ಹಿಂದಿನ ತಿಂಗಳುಗಳದು ಕಾಣದಿದ್ದರೆ ಮಾತ್ರ ಎಕ್ಸ್‌ಚೇಂಜಿಗೆ ಬರೆದು ಕೇಳಿ.

ಆದರೆ ನನಗೆ ಹೆಚ್ಚು ಚಿಂತೆಯಾಗಿರುವುದು ಆ 34,000ದ ಬಗ್ಗೆ ಅಲ್ಲ, ನೀವು ಲಾಭವೆಂದುಕೊಂಡಿರುವ 8,000ದ ಬಗ್ಗೆ. 115ಬಿಬಿಎಚ್ ಸೆಕ್ಷನ್ ಪ್ರಕಾರ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್. ಒಂದು ನಾಣ್ಯದಲ್ಲಾದ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯಲು ಬಿಡುವುದಿಲ್ಲ, ಮುಂದಿನ ವರ್ಷಕ್ಕೆ ಒಯ್ಯಲೂ ಬಿಡುವುದಿಲ್ಲ. ಕೊಂಡ ಬೆಲೆಯೊಂದನ್ನು ಬಿಟ್ಟು ಬೇರೆ ಯಾವ ಖರ್ಚೂ ಲೆಕ್ಕಕ್ಕಿಲ್ಲ. ಹಾಗಾಗಿ ನಿಮ್ಮ ತೆರಿಗೆ 8,000ಕ್ಕಲ್ಲ, 46,000ಕ್ಕೆ. ಅದು 14,352 ರೂಪಾಯಿ. ಕೈಗೆ ಬಂದ 8,000ದಲ್ಲಿ ಅದನ್ನು ಕಳೆದರೆ ಒಂಬತ್ತು ತಿಂಗಳ ಓಡಾಟಕ್ಕೆ ನೀವು 6,352 ರೂಪಾಯಿ ಕೈಯಿಂದ ಕಳೆದುಕೊಂಡಿದ್ದೀರಿ. ನಿಮ್ಮ ಥರ ಮೇಲಿಂದ ಮೇಲೆ ಮಾರುವವರು ಮೊದಲು ತಿಳಿಯಬೇಕಾದ ಲೆಕ್ಕವಿದು: 100 ರೂಪಾಯಿ ಸೋತರೆ ಬೇರೆ ಕಡೆ ಸುಮಾರು 145 ಗೆಲ್ಲಬೇಕು. ಆಗಷ್ಟೇ ತೆರಿಗೆ ಕಟ್ಟಿದ ಮೇಲೆ ಅಸಲು ಉಳಿಯುತ್ತದೆ.

ಇನ್ನು ಟಿಡಿಎಸ್ ವಿಷಯ. ಹಿಡಿದದ್ದು 34,000, ತೆರಿಗೆ 14,352, ಉಳಿಯುವ 19,648 ನಿಮ್ಮದೇ. ರಿಟರ್ನ್ ಸಲ್ಲಿಸಿ ರೀಫಂಡ್ ಬರುವವರೆಗೆ ಕಾಯಬಹುದು. ನಿಮಗೆ ಸಂಬಳವಿರುವುದರಿಂದ ಇನ್ನೊಂದು ದಾರಿಯೂ ಇದೆ, ಬಹಳ ಜನರಿಗೆ ಅದು ಗೊತ್ತಿಲ್ಲ. 2024ರ ಅಕ್ಟೋಬರ್‌ನಲ್ಲಿ ಬಂದ 12ಬಿಎಎ ಎಂಬ ಫಾರಂನಲ್ಲಿ ಬೇರೆ ಕಡೆ ಹಿಡಿದ ಟಿಡಿಎಸ್ ವಿವರವನ್ನು ನಿಮ್ಮ ಕಂಪನಿಗೆ ಕೊಡಬಹುದು. ಕ್ರಿಪ್ಟೊ ಆದಾಯವನ್ನೂ ಅದರಲ್ಲೇ ತೋರಿಸಿ. ಮಾರ್ಚ್‌ವರೆಗಿನ ಸಂಬಳದಲ್ಲಿ ಅಷ್ಟು ಕಡಿಮೆ ತೆರಿಗೆ ಹಿಡಿಯುತ್ತಾರೆ. ಸಂಬಳಕ್ಕೆ ತೆರಿಗೆಯೇ ಬೀಳದವರಿಗೆ ಇದರಿಂದ ಉಪಯೋಗವಿಲ್ಲ, ಅವರು ರೀಫಂಡನ್ನೇ ಕಾಯಬೇಕು. ಜೂನ್-ಜುಲೈನಲ್ಲಿ ರಿಟರ್ನ್ ತುಂಬುವಾಗ ಐಟಿಆರ್-2ರಲ್ಲಿ ‘ವಿಡಿಎ’ ಎಂಬ ಷೆಡ್ಯೂಲ್ ಇರುತ್ತದೆ. 40 ವ್ಯವಹಾರಗಳ ಕೊಂಡ ದಿನ, ಮಾರಿದ ದಿನ, ಕೊಂಡ ಬೆಲೆ, ಮಾರಿದ ಬೆಲೆ ಎಲ್ಲವನ್ನೂ ಅಲ್ಲಿ ಬರೆಯಬೇಕು. ಎಕ್ಸ್‌ಚೇಂಜಿನಿಂದ ಆ ಪಟ್ಟಿಯನ್ನು ಈಗಲೇ ಇಳಿಸಿಟ್ಟುಕೊಳ್ಳಿ.

ಮುಂದೆ ಏನು ಮಾಡಬೇಕು? ಬೆಲೆ ಒಂದಿಷ್ಟೂ ಅಲುಗಾಡದಿದ್ದರೂ ಇಡೀ ಹಣವನ್ನು 40 ಸಲ ಮಾರಿದರೆ 1 ಲಕ್ಷ ರೂಪಾಯಿ ಟಿಡಿಎಸ್‌ನಿಂದಲೇ 66,900ಕ್ಕೆ ಇಳಿಯುತ್ತದೆ. 69 ಸಲ ಮಾರಿದರೆ ಅರ್ಧ. ಹೀಗೆ ಸಿಕ್ಕಿಬಿದ್ದ ಹಣಕ್ಕೆ ವರ್ಷದೊಳಗೆ ಬಡ್ಡಿಯೂ ಇಲ್ಲ. ಒಂದು ಮಾರಾಟದಲ್ಲಿ ಸಿಕ್ಕ ಲಾಭ ಮಾರಿದ ಮೊತ್ತದ ಶೇ 3.2ರಷ್ಟಿದ್ದರೆ, ಹಿಡಿದ ಟಿಡಿಎಸ್ಸೂ ಆ ಲಾಭಕ್ಕೆ ಬೀಳುವ ತೆರಿಗೆಯೂ ಸರಿಸಮ. ಅದಕ್ಕಿಂತ ಕಡಿಮೆ ಲಾಭಕ್ಕೆ ಮಾರಿದಾಗಲೆಲ್ಲ ನಿಮ್ಮ ಹಣ ಸರ್ಕಾರದ ಬಳಿ ಹೆಚ್ಚುವರಿಯಾಗಿ ನಿಲ್ಲುತ್ತದೆ. ಒಂದು, ಒಂದೂವರೆ ಪರ್ಸೆಂಟ್ ಸಿಕ್ಕ ಕೂಡಲೇ ಮಾರುವ ಅಭ್ಯಾಸವನ್ನು ಬಿಡಿ ಎಂದೇ ನನ್ನ ಸಲಹೆ. ವರ್ಷದಲ್ಲಿ ಎಷ್ಟು ಸಲ ಮಾರುತ್ತೀರಿ ಎಂದು ಮೊದಲೇ ಒಂದು ಸಂಖ್ಯೆ ಇಟ್ಟುಕೊಳ್ಳಿ. ಹತ್ತು ಸಲ ಎಂದರೆ ಅಸಲಿನ ಹತ್ತನೇ ಒಂದು ಭಾಗ ಮಾರ್ಚ್ ಹೊತ್ತಿಗೆ ಕೈಗೆ ಸಿಗುವುದಿಲ್ಲ. ಅಷ್ಟನ್ನು ತಡೆಯಬಲ್ಲಿರಾ ನೋಡಿಕೊಳ್ಳಿ.

ಪ್ರಶ್ನೆ: ನಾನು ರೂಪಾಯಿಗೆ ಮಾರುವುದೇ ಇಲ್ಲ. ಬಿಟ್‌ಕಾಯಿನ್‌ನಿಂದ ಯುಎಸ್‌ಡಿಟಿಗೆ, ಅಲ್ಲಿಂದ ಈಥರ್‌ಗೆ ಬದಲಿಸುತ್ತೇನೆ. ಕೈಗೆ ಹಣವೇ ಬರದಿದ್ದರೆ ಟಿಡಿಎಸ್ ಯಾಕೆ?
— ಅಂಗಡಿ ಮಾಲೀಕರು, ಬಂಗಾರಪೇಟೆ

ಉತ್ತರ: ಕಾನೂನಿಗೆ ಆ ಬದಲಾವಣೆಯೂ ಮಾರಾಟವೇ. ನೀವು ಬಿಟ್ಟುಕೊಟ್ಟ ನಾಣ್ಯವನ್ನು ಮಾರಿದಂತೆ. ಎರಡೂ ಕಡೆಯವರಿಂದ ಟಿಡಿಎಸ್ ಹಿಡಿಯುತ್ತಾರೆ, ಎಕ್ಸ್‌ಚೇಂಜ್ ಅದನ್ನು ನಾಣ್ಯದ ರೂಪದಲ್ಲೇ ತೆಗೆದುಕೊಂಡು ರೂಪಾಯಿಗೆ ತಿರುಗಿಸಿ ಕಟ್ಟುತ್ತದೆ. ಬಿಟ್‌ಕಾಯಿನ್ ಕೊಟ್ಟು ಯುಎಸ್‌ಡಿಟಿ ತೆಗೆದುಕೊಂಡಾಗ ಒಂದು, ಅದರಿಂದ ಈಥರ್ ಕೊಂಡಾಗ ಎರಡು, ಈಥರ್ ಮಾರಿ ಮತ್ತೆ ಯುಎಸ್‌ಡಿಟಿಗೆ ಬಂದಾಗ ಮೂರು, ಕೊನೆಗೆ ರೂಪಾಯಿ ಮಾಡಿಕೊಂಡಾಗ ನಾಲ್ಕು. ಇದೇ ಕೆಲಸವನ್ನು ರೂಪಾಯಿ ಮೂಲಕ ಮಾಡಿದ್ದರೆ ಬಿಟ್‌ಕಾಯಿನ್ ಮಾರಿದಾಗ ಒಂದು, ಈಥರ್ ಮಾರಿದಾಗ ಒಂದು, ಅಲ್ಲಿಗೆ ಮುಗಿಯಿತು. ರೂಪಾಯಿ ಕೊಟ್ಟು ಕೊಳ್ಳುವಾಗ ನಿಮ್ಮಿಂದ ಟಿಡಿಎಸ್ ಹಿಡಿಯುವುದಿಲ್ಲ. ಯುಎಸ್‌ಡಿಟಿ ದಾರಿ ಹಿಡಿದು ನೀವು ಇಮ್ಮಡಿ ಹಣ ಕಟ್ಟಿಹಾಕಿಕೊಂಡಿದ್ದೀರಿ. ಪ್ರತಿ ಬದಲಾವಣೆಯ ದಿನ ಆ ನಾಣ್ಯಕ್ಕೆ ರೂಪಾಯಿಯಲ್ಲಿ ಎಷ್ಟು ಬೆಲೆ ಇತ್ತೆಂದು ಬರೆದಿಡಿ, ಲಾಭದ ಲೆಕ್ಕ ಅದರ ಮೇಲೆಯೇ ನಿಲ್ಲುವುದು.

ಪ್ರಶ್ನೆ: ಟಿಡಿಎಸ್ ಬೇಡವೆಂದು ಪರಿಚಯದವರಿಗೆ ನೇರವಾಗಿ ಮಾರಿ ಬ್ಯಾಂಕಿಗೆ ದುಡ್ಡು ಹಾಕಿಸಿಕೊಳ್ಳಬಹುದೇ?
— ಓದುಗರು, ರಾಬರ್ಟ್‌ಸನ್‌ಪೇಟೆ

ಉತ್ತರ: ಮಾರಬಹುದು, ಆದರೆ ಟಿಡಿಎಸ್ ತಪ್ಪುವುದಿಲ್ಲ. ಆಗ ಅದನ್ನು ಹಿಡಿಯುವ ಹೊಣೆ ಕೊಂಡವರ ಮೇಲೆ ಬೀಳುತ್ತದೆ. ಕೊಳ್ಳುವವರು ಸಂಬಳದಾರರೋ ಸಣ್ಣ ವ್ಯಾಪಾರಿಯೋ ಆಗಿದ್ದರೆ ವರ್ಷಕ್ಕೆ 50,000 ರೂಪಾಯಿವರೆಗೆ ವಿನಾಯಿತಿ, ಉಳಿದವರಿಗೆ 10,000. ಅದನ್ನು ಮೀರಿದರೆ ಶೇ 1 ಹಿಡಿಯಬೇಕು; ಸಂಬಳದಾರರು, ಸಣ್ಣ ವ್ಯಾಪಾರಿಗಳು ಅದನ್ನು ಆ ತಿಂಗಳು ಮುಗಿದ 30 ದಿನದೊಳಗೆ 26ಕ್ಯೂಇ ಫಾರಂ ಮೂಲಕ ಕಟ್ಟಬೇಕು. ನಿಮ್ಮ ಪರಿಚಯದವರು ಇದನ್ನು ಮಾಡುತ್ತಾರೆಯೇ ಕೇಳಿ ನೋಡಿ. ಮಾಡದಿದ್ದರೆ ಬಡ್ಡಿ, ದಂಡ ಅವರ ತಲೆಗೆ. ನಿಮ್ಮ ಲಾಭದ ಶೇ 30 ತೆರಿಗೆ ಹೇಗೂ ನಿಮ್ಮದೇ. ಮುಖಪರಿಚಯವಿಲ್ಲದವರಿಗೆ ಮಾರುವುದಂತೂ ಬೇಡ. ಅವರು ಕಳಿಸಿದ ಹಣ ಯಾರದೋ ಸೈಬರ್ ವಂಚನೆಯ ದೂರಿನಲ್ಲಿ ಸೇರಿದ್ದರೆ ಪೊಲೀಸರ ಸೂಚನೆಯ ಮೇರೆಗೆ ಬ್ಯಾಂಕು ನಿಮ್ಮ ಖಾತೆಯನ್ನು ತಡೆಹಿಡಿಯುತ್ತದೆ. ದೂರು ದಾಖಲಾದದ್ದು ಬೇರೆ ರಾಜ್ಯದ ಠಾಣೆಯಲ್ಲಾಗಿದ್ದರೆ ಅದನ್ನು ಬಿಡಿಸಿಕೊಳ್ಳಲು ನೀವು ಅಲ್ಲಿಯವರೆಗೆ ಅಲೆಯಬೇಕಾಗಬಹುದು.