ದುಡ್ಡು ದುಪ್ಪಟ್ಟಾಗಲು ಎಷ್ಟು ವರ್ಷ?

ಬದಿಯಡ್ಕದ ಕೃಷಿಕರೊಬ್ಬರು ಅಡಿಕೆ ಮಾರಿದ ಹಣದಲ್ಲಿ 50,000 ರೂಪಾಯಿಯನ್ನು ಅಂಚೆ ಕಚೇರಿಯ ಕಿಸಾನ್ ವಿಕಾಸ ಪತ್ರದಲ್ಲಿ ಇಡುತ್ತಾರೆ ಎಂದುಕೊಳ್ಳೋಣ. 2023ರ ಏಪ್ರಿಲ್‌ನಲ್ಲಿ ಈ ಪತ್ರಕ್ಕೆ ನಿಗದಿಯಾದ ಬಡ್ಡಿ ವರ್ಷಕ್ಕೆ ಶೇಕಡಾ 7.5. ಇಟ್ಟ ಹಣ ಯಾವಾಗ ಒಂದು ಲಕ್ಷವಾಗುತ್ತದೆ?

ಇದನ್ನು ಲೆಕ್ಕ ಹಾಕಲು ಒಂದು ಭಾಗಾಕಾರ ಸಾಕು. 72ನ್ನು ಬಡ್ಡಿ ದರದಿಂದ ಭಾಗಿಸಿ. 72ನ್ನು 7.5ರಿಂದ ಭಾಗಿಸಿದರೆ 9.6 ಬರುತ್ತದೆ. ಅಂದರೆ ಒಂಬತ್ತು ವರ್ಷ, ಮೇಲೆ ಸುಮಾರು ಏಳು ತಿಂಗಳು. ಅಂಚೆ ಇಲಾಖೆ ಆ ದರಕ್ಕೆ ಹೇಳಿದ ಅವಧಿ 115 ತಿಂಗಳು. ಅದೂ ಒಂಬತ್ತು ವರ್ಷ ಏಳು ತಿಂಗಳೇ.

ಹೀಗೆ ಹೊಂದಿಕೆಯಾಗುವುದು ಚಕ್ರಬಡ್ಡಿಯಿಂದ. ಮೊದಲ ವರ್ಷದ ಬಡ್ಡಿ 3,750 ರೂಪಾಯಿ. ಅದನ್ನು ಅಸಲಿಗೆ ಸೇರಿಸಿದರೆ 53,750 ಆಗುತ್ತದೆ; ಎರಡನೆಯ ವರ್ಷ ಬಡ್ಡಿ ಹುಟ್ಟುವುದು ಈ ಇಡೀ ಮೊತ್ತದ ಮೇಲೆ. ಒಂಬತ್ತು ವರ್ಷ ತುಂಬುವಾಗ ಮೊತ್ತ ಸುಮಾರು 95,860 ರೂಪಾಯಿ. ಉಳಿದ ಏಳು ತಿಂಗಳ ಬಡ್ಡಿ ಸೇರಿದರೆ ಲಕ್ಷ ತುಂಬುತ್ತದೆ.

ಬಡ್ಡಿಯನ್ನು ಆಗಾಗ ಕೈಗೆ ತೆಗೆದುಕೊಳ್ಳುವ ಠೇವಣಿಗೆ ಈ ಸೂತ್ರ ಸಲ್ಲದು. ಅಲ್ಲಿ ವರ್ಷಕ್ಕೆ 3,750 ರೂಪಾಯಿ ಮಾತ್ರ ಬರುತ್ತದೆ, ಬಡ್ಡಿಗೆ ಬಡ್ಡಿ ಇಲ್ಲ. ಅಸಲಿನಷ್ಟು ಬಡ್ಡಿ ಬರಬೇಕಾದರೆ 100ನ್ನು 7.5ರಿಂದ ಭಾಗಿಸಬೇಕು: ಹದಿಮೂರು ವರ್ಷ ನಾಲ್ಕು ತಿಂಗಳು. ಹಾಗಾಗಿ ಸೇವಾ ಸಹಕಾರಿ ಬ್ಯಾಂಕಿಗೋ ಅಂಚೆ ಕಚೇರಿಗೋ ಹೋದಾಗ ದರವನ್ನು ಮಾತ್ರ ಕೇಳಿ ಬರಬೇಡಿ. ಬಡ್ಡಿ ಅಸಲಿಗೆ ಸೇರುತ್ತದೆಯೇ ಎಂದೂ ಕೇಳಿ. ಬಡ್ಡಿಗೆ ಆದಾಯ ತೆರಿಗೆ ಕಟ್ಟುವವರಾದರೆ ಅದನ್ನು ಕಳೆದು ಉಳಿಯುವ ದರದಿಂದ ಭಾಗಿಸಿ.

72 ಅಂದಾಜಿನ ಅಂಕಿ. ಶೇಕಡಾ 6ರಿಂದ 10ರ ನಡುವಿನ ದರಗಳಿಗೆ ಅದು ಬಹಳ ಹತ್ತಿರದ ಉತ್ತರ ಕೊಡುತ್ತದೆ. ದರ ತುಂಬ ಏರಿದರೆ ಉತ್ತರ ತಪ್ಪತೊಡಗುತ್ತದೆ. ಶೇಕಡಾ 24ಕ್ಕೆ ಸೂತ್ರ ಮೂರು ವರ್ಷ ಎನ್ನುತ್ತದೆ. ಆದರೆ ಮೂರು ವರ್ಷ ಕಳೆದಾಗ ಒಂದು ಲಕ್ಷ ಆಗಿರುವುದು ಸುಮಾರು 1,90,660 ರೂಪಾಯಿ ಮಾತ್ರ.

ಇದೇ ಲೆಕ್ಕವನ್ನು ಹಿಂದುಮುಂದಾಗಿಯೂ ಮಾಡಬಹುದು. ಯಾರಾದರೂ ಮನೆಗೆ ಬಂದು ‘ಮೂರೇ ವರ್ಷದಲ್ಲಿ ದುಪ್ಪಟ್ಟು ಕೊಡುತ್ತೇವೆ’ ಎಂದರೆ 72ನ್ನು ಮೂರರಿಂದ ಭಾಗಿಸಿ. ಶೇಕಡಾ 24 ಬಂತು. ಸರಿಯಾಗಿ ಲೆಕ್ಕ ಹಾಕಿದರೆ 26ರ ಹತ್ತಿರ. ಅಂಚೆ ಕಚೇರಿ ಕೊಡುವುದರ ಮೂರು ಪಟ್ಟಿಗಿಂತ ಹೆಚ್ಚು. ಅಷ್ಟು ಬಡ್ಡಿ ಕೊಡಲು ಅವರು ಯಾವ ವ್ಯವಹಾರದಲ್ಲಿ ಅದಕ್ಕಿಂತಲೂ ಹೆಚ್ಚು ಗಳಿಸುತ್ತಾರೆ ಎಂದು ಕೇಳಿ. ಸ್ಪಷ್ಟ ಉತ್ತರ ಸಿಗದಿದ್ದರೆ ಹಣ ಕೊಡಬೇಡಿ.